ಮಗಳಿಗೆ ಕಳಿಸಿದ್ದ ಮೆಸೇಜನ್ನು ತಿದ್ದಿ ಬರೆದದ್ದು

ಗಣಿತದ ಟೆಸ್ಟ್‌ನಲ್ಲಿ 71 ಬಂತು ಅಂತ ಮಗಳು ಫೋನಿನಲ್ಲಿ ಹೇಳಿದ್ದಳು. ನಾನು ಕೆಲಸದ ಮೇಲೆ ಬೇರೆ ಊರಿನಲ್ಲಿರುತ್ತೇನೆ. ತಿಂಗಳಿಗೊಮ್ಮೆ ಮನೆ. ಹಾಗಾಗಿ ಅವಳ ಶಾಲೆಯ ಸುದ್ದಿಯೆಲ್ಲ ನನಗೆ ಫೋನಿನಲ್ಲೇ ಬರುತ್ತದೆ. ಆ ಸಲ ಮನೆಗೆ ಹೋದಾಗ ಏನೋ ಬರೆದುಕೊಳ್ಳಲು ಪೆನ್ಸಿಲ್ ಬೇಕಾಯಿತು. ಅವಳ ಬ್ಯಾಗಿಗೆ ಕೈ ಹಾಕಿದೆ. ತಳದಲ್ಲಿ ಮಡಚಿ ಮಡಚಿ ಬೆಂಕಿಪೊಟ್ಟಣದಷ್ಟು ಮಾಡಿದ್ದ ಒಂದು ಕಾಗದ ಸಿಕ್ಕಿತು. ಬಿಡಿಸಿ ನೋಡಿದರೆ ಅದೇ ಟೆಸ್ಟಿನ ಉತ್ತರ ಪತ್ರಿಕೆ. ಮೇಲೆ ಕೆಂಪು ಶಾಯಿಯಲ್ಲಿ ಬರೆದಿದ್ದದ್ದು 61.

ಹತ್ತು ಅಂಕ ಏನು ಮಹಾ. ಅಂಕಕ್ಕಿಂತ ನನ್ನನ್ನು ಕಾಡಿದ್ದು ಆ ಸುಳ್ಳು. ನಮ್ಮ ಹುಡುಗಿ ಸುಳ್ಳು ಹೇಳುವವಳಲ್ಲ. ಕೈತಪ್ಪಿ ಲೋಟ ಒಡೆದರೂ ಚೂರು ಹಿಡಿದುಕೊಂಡು ಬಂದು ನಿಲ್ಲುತ್ತಾಳೆ. ಅಂಥವಳಿಗೆ 61 ಅನ್ನು 71 ಮಾಡುವಷ್ಟು ಭಯ ಯಾಕೆ ಬಂತು? ನಾನು ಅಂಕಕ್ಕಾಗಿ ಬೈದವನಲ್ಲ. ಅವಳಮ್ಮನೂ ಬೈದವಳಲ್ಲ. ಇದೇ ಯೋಚನೆಯಲ್ಲಿ ಸುಮ್ನೆ ಫೋನ್ ತೆಗೆದು ನಮ್ಮಿಬ್ಬರ ಹಳೆಯ ಮೆಸೇಜುಗಳನ್ನು ಮೇಲಕ್ಕೆ ಸರಿಸುತ್ತಾ ಹೋದೆ. ಮೂರು ತಿಂಗಳ ಹಿಂದಿನ ಒಂದು ಮೆಸೇಜ್ ಹತ್ತಿರ ಬೆರಳು ನಿಂತಿತು.

ಅದು ಅವಳ 92ರ ದಿನ. ಅದಕ್ಕೂ ಹಿಂದಿನ ಟೆಸ್ಟ್‌ನಲ್ಲಿ 58 ಬಂದಿತ್ತು. ಭಿನ್ನರಾಶಿ ಅವಳಿಗೆ ಹತ್ತುತ್ತಲೇ ಇರಲಿಲ್ಲ. ಅಲ್ಲಿಂದ ಒಂದೇ ಜಿಗಿತಕ್ಕೆ 92. ಹೆಂಡತಿ ಪೇಪರಿನ ಫೋಟೋ ಕಳಿಸಿದಾಗ ನಾನು ಕೆಲಸದ ನಡುವೆ ಇದ್ದೆ. ಖುಷಿ ತಡೆಯಲಾಗದೆ ಅರ್ಧ ನಿಮಿಷದಲ್ಲಿ ಬರೆದು ಕಳಿಸಿದ್ದೆ. ಇದ್ದದ್ದು ಇದ್ದ ಹಾಗೆ ಇಲ್ಲಿ ಹಾಕುತ್ತೇನೆ:

"ವಾವ್ ಪುಟ್ಟಿ, 92! ನೀನು ಜೀನಿಯಸ್ ಕಣೇ! ನನಗೆ ಮೊದಲೇ ಗೊತ್ತಿತ್ತು. ಗಣಿತ ನಿನ್ನ ರಕ್ತದಲ್ಲೇ ಇದೆ, ನನ್ನ ಮಗಳು ಅಲ್ವಾ! ಮುಂದಿನ ಸಲ 100 ಪಕ್ಕಾ!"

ಕೆಳಗೆ ನಗುವ ಮುಖಗಳು, ಚಪ್ಪಾಳೆ, ನಕ್ಷತ್ರ. ಅವಳು ಒಂದು ಹೃದಯ ಕಳಿಸಿದ್ದಳು. ಅಷ್ಟೇ.

ಈ ಮೆಸೇಜಿನಲ್ಲಿ ಕೆಟ್ಟದ್ದು ಏನಿದೆ? ಪ್ರೀತಿಯಿಂದ ಬರೆದದ್ದು. ಯಾವ ಅಪ್ಪನಾದರೂ ಬರೆಯುವಂಥದ್ದು. ಆದರೆ ಮಡಚಿದ ಕಾಗದ ಒಂದು ಕೈಯಲ್ಲಿ, ಫೋನ್ ಇನ್ನೊಂದು ಕೈಯಲ್ಲಿ ಇಟ್ಟುಕೊಂಡು ಓದಿದಾಗ ಅದು ಬೇರೆ ಥರ ಕೇಳಿಸಿತು. ನಾಲ್ಕು ಮಾತು. ನಾಲ್ಕರಲ್ಲೂ ಅವಳು ಮಾಡಿದ್ದು ಒಂದೂ ಇಲ್ಲ. ಅವಳು ಏನು ಅನ್ನೋದಿದೆ, ಯಾರ ಮಗಳು ಅನ್ನೋದಿದೆ, ಮುಂದೆ ಏನು ಕೊಡಬೇಕು ಅನ್ನೋದಿದೆ. ಜೀನಿಯಸ್‌ಗೆ 61 ಬರುವುದಿಲ್ಲ. ರಕ್ತದಲ್ಲೇ ಗಣಿತ ಇದ್ದವರಿಗೆ ಬರುವುದಿಲ್ಲ. 61 ಬಂತು ಅಂದರೆ ಅಪ್ಪ ಹೇಳಿದ ಆ ಹುಡುಗಿ ನಾನಲ್ಲ ಅಂತಾಯಿತು. ಆಗ ಹನ್ನೊಂದು ವರ್ಷದ ಮಗು ಏನು ಮಾಡೀತು?

ಇದು ನನ್ನ ಊಹೆ ಅಂತ ಮೊದಲೇ ಹೇಳಿಬಿಡುತ್ತೇನೆ. ಅವಳು ಆ ಮೆಸೇಜಿನ ಮಾತು ಎತ್ತಲೇ ಇಲ್ಲ. ಕಾಗದ ಸಿಕ್ಕಿದ್ದನ್ನು ಹೇಳಿದಾಗ "ನಿಮಗೆ ಬೇಜಾರಾಗುತ್ತೆ ಅಂತ" ಅಂದಳು, ಅಷ್ಟೇ. ಮೆಸೇಜಿಗೂ ಸುಳ್ಳಿಗೂ ಗಂಟು ಹಾಕಿದವನು ನಾನು. ಹಾಗೆ ಹಾಕುವುದಕ್ಕೆ ಒಂದು ಕಾರಣವಿತ್ತು.

ಒಂದೇ ಒಂದು ವಾಕ್ಯದ ವ್ಯತ್ಯಾಸ

ಕ್ಲಾಡಿಯಾ ಮುಲ್ಲರ್ ಮತ್ತು ಕರೋಲ್ ಡ್ವೆಕ್ ಅನ್ನುವ ಇಬ್ಬರು ಮನಶ್ಶಾಸ್ತ್ರಜ್ಞರು 1998ರಲ್ಲಿ ಪ್ರಕಟಿಸಿದ ಒಂದು ಅಧ್ಯಯನವಿದೆ. ಹೊಗಳಿಕೆಯ ಬಗ್ಗೆ ಮಾತು ಬಂದಾಗಲೆಲ್ಲ ಅದರ ಹೆಸರು ಬರುತ್ತದೆ. ಆದರೆ ಅದರಲ್ಲಿ ನಿಜವಾಗಿ ಏನು ಮಾಡಿದರು ಅನ್ನುವುದನ್ನು ಬಹಳ ಜನ ಹೇಳುವುದಿಲ್ಲ. ಅಲ್ಲಿದ್ದವರು ಐದನೇ ತರಗತಿಯ ಮಕ್ಕಳು, ಹೆಚ್ಚು ಕಡಿಮೆ ನನ್ನ ಮಗಳ ವಯಸ್ಸು. ಮೊದಲು ಅವರಿಗೆ ಚಿತ್ರಗಳ ಸಾಲಿನಲ್ಲಿ ಬಿಟ್ಟುಹೋದದ್ದನ್ನು ಹುಡುಕುವ ಹತ್ತು ಒಗಟು ಕೊಟ್ಟರು. ಎಲ್ಲರಿಗೂ "ತುಂಬಾ ಚೆನ್ನಾಗಿ ಮಾಡಿದೆ" ಅಂದರು. ಅದರ ಜೊತೆಗೆ ಕೆಲವರಿಗೆ "ನೀನು ಇದರಲ್ಲಿ ಜಾಣ ಇರಬೇಕು" ಅಂತ ಒಂದು ವಾಕ್ಯ ಸೇರಿಸಿದರು. ಕೆಲವರಿಗೆ "ನೀನು ಇದಕ್ಕೆ ಚೆನ್ನಾಗಿ ಶ್ರಮ ಹಾಕಿರಬೇಕು" ಅಂತ. ಉಳಿದವರಿಗೆ ಏನೂ ಸೇರಿಸಲಿಲ್ಲ. ಇಡೀ ವ್ಯತ್ಯಾಸ ಈ ಒಂದು ವಾಕ್ಯದ್ದು.

ಆಮೇಲೆ ಎಲ್ಲರಿಗೂ ತುಂಬಾ ಕಷ್ಟದ ಒಗಟು ಕೊಟ್ಟು, ಈ ಸಲ ಚೆನ್ನಾಗಿ ಆಗಲಿಲ್ಲ ಅಂತ ಹೇಳಿದರು. ಮೂರನೇ ಸುತ್ತಿನಲ್ಲಿ ಮತ್ತೆ ಮೊದಲಿನಷ್ಟೇ ಸುಲಭದ ಒಗಟು. ಜಾಣ ಅನಿಸಿಕೊಂಡ ಮಕ್ಕಳು ಈಗ ಮೊದಲಿಗಿಂತ ಕಡಿಮೆ ಬಿಡಿಸಿದರು. ಶ್ರಮದ ಮಾತು ಕೇಳಿದವರು ಮೊದಲಿಗಿಂತ ಜಾಸ್ತಿ ಬಿಡಿಸಿದರು. ಇಷ್ಟು ಭಾಗ ನಾನು ಹಿಂದೆಯೇ ಎಲ್ಲೋ ಓದಿದ್ದೆ. ಆ ರಾತ್ರಿ ನೆನಪಾದದ್ದು ಅದರ ಇನ್ನೊಂದು ಭಾಗ. ಮಕ್ಕಳಿಗೆ ಒಂದು ಹಾಳೆ ಕೊಟ್ಟು, ಬೇರೆ ಶಾಲೆಯ ಪರಿಚಯವಿಲ್ಲದ ಮಗುವಿಗೆ ಈ ಒಗಟುಗಳ ಬಗ್ಗೆ ಬರೆಯಿರಿ ಅಂದಿದ್ದರು. ಹೆಸರು ಬರೆಯಬೇಕಾಗಿರಲಿಲ್ಲ. ತಮಗೆ ಬಂದ ಅಂಕ ಬರೆಯಲು ಒಂದು ಜಾಗ ಇತ್ತು. ಜಾಣ ಅನಿಸಿಕೊಂಡ ಮಕ್ಕಳಲ್ಲಿ 100ಕ್ಕೆ 38 ಜನ ಅಲ್ಲಿ ತಮ್ಮ ಅಂಕವನ್ನು ಏರಿಸಿ ಬರೆದರು. ಶ್ರಮದ ಗುಂಪಿನಲ್ಲಿ ಹಾಗೆ ಮಾಡಿದವರು 100ಕ್ಕೆ 13. ಜೀವನದಲ್ಲಿ ಎಂದೂ ನೋಡದ ಮಗುವಿಗೆ, ಹೆಸರೂ ಇಲ್ಲದ ಹಾಳೆಯಲ್ಲಿ, ಸುಳ್ಳು ಅಂಕ. ನನ್ನ ಮಗಳು ಅದನ್ನೇ ಅವಳ ಅಪ್ಪನಿಗೆ ಹೇಳಿದ್ದಳು.

ಇದರ ಜೊತೆಗೆ ಇನ್ನೊಂದು ಮಾತನ್ನೂ ಹೇಳಬೇಕು. ಇಲ್ಲದಿದ್ದರೆ ನಾನು ಅರ್ಧ ಹೇಳಿದ ಹಾಗೆ. 2019ರಲ್ಲಿ ಲೀ ಮತ್ತು ಬೇಟ್ಸ್ ಅನ್ನುವ ಸಂಶೋಧಕರು ಚೀನಾದ ಮಕ್ಕಳ ಮೇಲೆ ಇದೇ ಪ್ರಯೋಗವನ್ನು ಮತ್ತೆ ಮಾಡಿದರು. ಆಗ ಈ ಫಲಿತಾಂಶ ಹಾಗೆ ಸಿಗಲಿಲ್ಲ. ಆದ್ದರಿಂದ ಜಾಣೆ ಅಂದ ತಕ್ಷಣ ಮಗು ಹಾಳಾಗುತ್ತದೆ ಅಂತ ಯಾರೂ ಗಾಬರಿಯಾಗಬೇಕಿಲ್ಲ. 1998ರ ಪ್ರಯೋಗದಲ್ಲೇ ಏನೂ ಸೇರಿಸದೆ ಬರೀ "ಚೆನ್ನಾಗಿ ಮಾಡಿದೆ" ಅನಿಸಿಕೊಂಡ ಮಕ್ಕಳಿದ್ದರಲ್ಲ, ಅವರಲ್ಲಿ ಅಂಕ ಏರಿಸಿ ಬರೆದವರು 100ಕ್ಕೆ 14 ಮಾತ್ರ. ಅಂದರೆ ನಾನು ಅವತ್ತು "92! ತುಂಬಾ ಖುಷಿಯಾಯ್ತು ಪುಟ್ಟಿ" ಅಂತಷ್ಟೇ ಬರೆದು ಸುಮ್ಮನಾಗಿದ್ದರೂ ಏನೂ ತೊಂದರೆ ಇರಲಿಲ್ಲ. ನಾನು ಸುಮ್ಮನಾಗಲಿಲ್ಲ. ಜೀನಿಯಸ್ ಅಂದೆ, ರಕ್ತ ಅಂದೆ.

ಪದ ಬದಲಾಯಿಸಿದರೆ ಆಯಿತಾ?

ಮಗಳು ಮಲಗಿದ ಮೇಲೆ ಆ ಮೆಸೇಜನ್ನು ತಿದ್ದಿ ಬರೆಯಲು ಕೂತೆ. ಯಾಕೆ ಅಂತ ಸರಿಯಾಗಿ ಗೊತ್ತಿರಲಿಲ್ಲ. ಮೂರು ತಿಂಗಳು ಹಳೆಯದು. ಆದರೂ ಅವತ್ತು ಏನು ಬರೆಯಬೇಕಿತ್ತು ಅಂತ ತಿಳಿಯದೇ ನಿದ್ದೆ ಬರುವ ಹಾಗಿರಲಿಲ್ಲ. ಶ್ರಮವನ್ನು ಹೊಗಳಬೇಕು, ಅಷ್ಟೇ ತಾನೆ? ಎರಡು ನಿಮಿಷದ ಕೆಲಸ ಅಂದುಕೊಂಡು ಹೀಗೆ ಬರೆದೆ:

"92! ತುಂಬಾ ಕಷ್ಟಪಟ್ಟು ಓದಿದ್ದೀಯ. ಕಷ್ಟಪಟ್ಟರೆ ಏನು ಬೇಕಾದರೂ ಸಾಧಿಸಬಹುದು ಅಂತ ತೋರಿಸಿಕೊಟ್ಟೆ. ಹೀಗೇ ಮುಂದುವರಿಸು."

ಪಕ್ಕದಲ್ಲಿ ಬಟ್ಟೆ ಮಡಚುತ್ತಿದ್ದ ಹೆಂಡತಿಗೆ ಓದಿ ಹೇಳಿದೆ. ಅವಳು ನಕ್ಕಳು. "ಶಾಲೆ ಗೋಡೆ ಮೇಲೆ ಬರೆಸ್ತಾರಲ್ಲ, ಹಾಗಿದೆ ರೀ" ಅಂದಳು. ಆಮೇಲೆ ಒಂದು ಅಂಗಿ ಮಡಚಿಟ್ಟು, "ಅಷ್ಟಕ್ಕೂ ಅವಳು ಕಷ್ಟಪಟ್ಟು ಓದಿದ್ಲು ಅಂತ ನಿಮಗೆ ಯಾರು ಹೇಳಿದ್ದು?" ಅಂತ ಕೇಳಿದಳು.

ಯಾರೂ ಹೇಳಿರಲಿಲ್ಲ. 92 ಬಂದಿದೆ ಅಂದರೆ ಕಷ್ಟಪಟ್ಟಿರಲೇಬೇಕು ಅಂತ ಅಂಕದಿಂದ ಶ್ರಮವನ್ನು ಲೆಕ್ಕ ಹಾಕಿದ್ದೆ. ಆಗ ಹೆಂಡತಿ ಹೇಳಿದ್ದು ನನ್ನ ಲೆಕ್ಕವನ್ನೇ ತಲೆಕೆಳಗು ಮಾಡಿತು. 58 ಬಂದ ಟೆಸ್ಟಿಗೆ ಮಗಳು ದಿನಾ ಎರಡು ಗಂಟೆ ಕೂತಿದ್ದಳಂತೆ. ಪುಸ್ತಕದಲ್ಲಿ ಬಿಡಿಸಿ ತೋರಿಸಿದ ಲೆಕ್ಕಗಳನ್ನು ನೀಟಾಗಿ ನಕಲು ಮಾಡುತ್ತಿದ್ದಳಂತೆ. ಪುಟಗಟ್ಟಲೆ. ಅದೇ 92ರ ಟೆಸ್ಟಿಗೆ ಮುಂಚೆ ದಿನಕ್ಕೆ ಅರ್ಧ ಗಂಟೆ ಕೂತಿದ್ದರೆ ಹೆಚ್ಚು. "ಓದೋದೇ ಕಮ್ಮಿ ಮಾಡಿದ್ಲು ಅಂತ ನಾನೇ ಒಂದ್ಸಲ ಗದರಿದ್ದೆ" ಅಂದಳು.

ನಾನು ಆ ಎರಡನೇ ಮೆಸೇಜನ್ನು ಅಂದು ಕಳಿಸಿದ್ದರೆ ಏನಾಗುತ್ತಿತ್ತು ನೋಡಿ. ಕೆಲಸಕ್ಕೆ ಬಾರದ ಆ ಎರಡು ಗಂಟೆಯ ನಕಲನ್ನೇ ಹೊಗಳಿದಂತಾಗುತ್ತಿತ್ತು. ಅವಳಿಗೆ ಒಳಗೊಳಗೇ ಗೊತ್ತಿರುತ್ತಿತ್ತು, ಜಾಸ್ತಿ ಕಷ್ಟಪಟ್ಟದ್ದು ಆಗ, ಈಗಲ್ಲ ಅಂತ. ಅಪ್ಪನಿಗೆ ಏನೂ ಗೊತ್ತಿಲ್ಲ, ಸುಮ್ನೆ ಹೇಳುತ್ತಾನೆ ಅಂತಾಗುತ್ತಿತ್ತು. ಡ್ವೆಕ್ ಅವರೇ 2015ರಲ್ಲಿ ಇದರ ಬಗ್ಗೆ ಎಚ್ಚರಿಸಿ ಬರೆದಿದ್ದಾರೆ. ಶ್ರಮ ಅನ್ನುವುದು ಕಲಿಕೆಗೆ ದಾರಿ, ಅದೇ ಗುರಿಯಲ್ಲ. ಕಲಿಕೆ ಆಗದೇ ಇದ್ದಾಗಲೂ "ಎಷ್ಟೊಂದು ಪ್ರಯತ್ನಪಟ್ಟೆ" ಅಂತ ಬೆನ್ನು ತಟ್ಟುವುದು ಸಮಾಧಾನದ ಮಾತಾಗುತ್ತದೆ, ಅಷ್ಟೇ. ಮಗು ಬೇರೆ ದಾರಿ ಹುಡುಕಲು ಅದರಿಂದ ಏನೂ ಸಿಗುವುದಿಲ್ಲ.

ಇಲ್ಲಿ ನಮ್ಮ ಭಾಷೆಯ ಬಗ್ಗೆ ಒಂದು ಮಾತು. ಕನ್ನಡದಲ್ಲಿ ಶ್ರಮವನ್ನು ಹೊಗಳಲು ಬಾಯಿಗೆ ಮೊದಲು ಬರುವ ಪದ ಕಷ್ಟಪಡು. ಅದರಲ್ಲೇ ಕಷ್ಟ ಇದೆ. ನೀನು ನರಳಿದೆ, ಅದಕ್ಕೆ ಫಲ ಸಿಕ್ಕಿತು ಅನ್ನುವ ಧ್ವನಿ ಅದರಲ್ಲಿ ಬಂದೇ ಬರುತ್ತದೆ. ಇನ್ನು ಹೊಗಳಿಕೆಗೆ ನಾವು ಬಳಸುವ ಜಾಣೆ, ಚೂಟಿ, ಬುದ್ಧಿವಂತೆ ಎಲ್ಲ ಮಗುವಿಗೆ ಇಡುವ ಹೆಸರುಗಳು. ಜಾಣೆ ಅಂದರೆ ಅವಳು ಇಂದು ಮಾತ್ರ ಜಾಣೆ ಅಂತಲ್ಲ, ಅವಳೇ ಅದು. ಇಂಥ ಹೆಸರಿಡುವಿಕೆಯ ಬಗ್ಗೆ 2007ರಲ್ಲಿ ಆಂಡ್ರೇ ಸಿಂಪಿಯನ್ ಮತ್ತು ಜೊತೆಯವರು ಇಂಗ್ಲಿಷ್ ಮಾತಾಡುವ ನಾಲ್ಕು ವರ್ಷದ ಮಕ್ಕಳಲ್ಲಿ ನೋಡಿದ್ದರು. ಕೆಲವರಿಗೆ ನೀನು ಒಳ್ಳೆಯ ಚಿತ್ರಗಾರ ಅಂದರು, ಕೆಲವರಿಗೆ ಚಿತ್ರ ಚೆನ್ನಾಗಿ ಬಿಡಿಸಿದೆ ಅಂದರು. ಆಮೇಲೆ ಚಿತ್ರದಲ್ಲಿ ಒಂದು ತಪ್ಪಾದಾಗ, ಚಿತ್ರಗಾರ ಅನಿಸಿಕೊಂಡವರೇ ಜಾಸ್ತಿ ಕುಗ್ಗಿದರು. ಮಾಡಿದ್ದನ್ನು ಹೇಳುವ ಮಾತು ಮುಗಿದ ಕೆಲಸದ ಬಗ್ಗೆ. ಹೆಸರು ಹಾಗಲ್ಲ, ಅದನ್ನು ಮಗು ಹೊತ್ತು ತಿರುಗಬೇಕಾಗುತ್ತದೆ.

ಹಾಗಾದರೆ ನನ್ನ ಮೆಸೇಜಿನಲ್ಲಿ ಅವಳು ಮಾಡಿದ್ದು ಬರಬೇಕು. ಸರಿ. ಆದರೆ ಅವಳು ಮಾಡಿದ್ದೇನು? ಮೂರು ತಿಂಗಳಲ್ಲಿ ಅದನ್ನು ನಾನು ಕೇಳಿಯೇ ಇರಲಿಲ್ಲ.

2/7 ಮತ್ತು 0.30

ಬೆಳಿಗ್ಗೆ ಅವಳ ಪಕ್ಕ ಕೂತೆ. ಮೊದಲು 61ರ ಕಾಗದವನ್ನು ಮೇಜಿನ ಮೇಲಿಟ್ಟು, ಇದು ಸಿಕ್ಕಿತು, ಬೈಯುವುದಿಲ್ಲ ಅಂತ ಹೇಳಿದೆ. ಬೇಜಾರಿನ ಮಾತು ಆಡಿದ್ದು ಆಗಲೇ. ಸ್ವಲ್ಪ ಹೊತ್ತು ಬಿಟ್ಟು, ಅವತ್ತು 92 ಬಂದಾಗ ಹೇಗೆ ಓದಿದ್ದೆ ಅಂತ ಕೇಳಿದೆ. "ಸುಮ್ನೆ ಓದ್ದೆ" ಅಂದಳು. ತಪ್ಪು ಪ್ರಶ್ನೆ. ಹೇಗೆ ಓದಿದೆ ಅಂದರೆ ಯಾವ ಮಗುವೂ ಇದನ್ನೇ ಹೇಳುತ್ತದೆ. ಸ್ವಲ್ಪ ಯೋಚಿಸಿ ಬೇರೆ ಥರ ಕೇಳಿದೆ. "58 ಬಂದಾಗ ಭಿನ್ನರಾಶಿ ಕೂಡೋದು ತಪ್ಪಾಗ್ತಿತ್ತಲ್ಲ, ಅದು ಯಾವಾಗಿಂದ ಸರಿ ಬರೋಕೆ ಶುರುವಾಯ್ತು?"

ಈಗ ಅವಳು ಎದ್ದು ಹೋಗಿ ಒಂದು ನೋಟ್‌ಬುಕ್ ತಂದಳು. ಹಿಂದಿನ ವರ್ಷದ್ದು, ಅರ್ಧ ಖಾಲಿ ಉಳಿದದ್ದು. ಅದರಲ್ಲಿ 58ರ ಪೇಪರಿನಲ್ಲಿ ತಪ್ಪಾದ ಲೆಕ್ಕಗಳನ್ನು ಮಾತ್ರ ಬರೆದುಕೊಂಡಿದ್ದಳು. ಉತ್ತರ ಬರೆದಿರಲಿಲ್ಲ, ಬರೀ ಲೆಕ್ಕ. ಮೂರು ದಿನ ಬಿಟ್ಟು, ಪುಸ್ತಕ ಮುಚ್ಚಿಟ್ಟು, ಅದನ್ನು ಮತ್ತೆ ಮಾಡುವುದು. ಸರಿ ಬಂದರೆ ಒಂದು ಚುಕ್ಕಿ. ಬರದಿದ್ದರೆ ಮತ್ತೆ ಕೊನೆಗೆ ಬರೆದುಕೊಳ್ಳುವುದು. ದಿನಕ್ಕೆ ನಾಲ್ಕೈದು ಲೆಕ್ಕ, ಅದಕ್ಕೇ ಅರ್ಧ ಗಂಟೆಯಲ್ಲಿ ಮುಗಿಯುತ್ತಿತ್ತು. ಇದನ್ನು ಯಾರು ಹೇಳಿಕೊಟ್ಟರು ಅಂದರೆ, ನಕಲು ಮಾಡಿ ಮಾಡಿ ಕೈ ನೋವು ಬಂತು, ಅದಕ್ಕೆ ಅಂದಳು.

ಅದಕ್ಕಿಂತ ದೊಡ್ಡದು ಇನ್ನೊಂದಿತ್ತು. ಮೊದಲ ಪುಟದಲ್ಲಿ 1/3 + 1/4 ಲೆಕ್ಕ ಇತ್ತು. ಆ ಟೆಸ್ಟಿನಲ್ಲಿ ಅವಳು ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು ಕೂಡಿ 2/7 ಅಂತ ಬರೆದಿದ್ದಳು. ಬಹಳ ಮಕ್ಕಳು ಮಾಡುವ ತಪ್ಪು ಇದು. ಸರಿಯಾದ ಉತ್ತರ 7/12. ಅದರ ಪಕ್ಕದಲ್ಲಿ ಪೆನ್ಸಿಲ್‌ನಲ್ಲಿ ಅವಳೇ ಬರೆದುಕೊಂಡಿದ್ದಳು: "ಚಿಕ್ಕದಾಯ್ತಾ? ನೋಡು." ಏನಿದು ಅಂತ ಕೇಳಿದೆ. "1/3ಕ್ಕೆ ಇನ್ನೂ ಏನೋ ಸೇರಿಸ್ತಿದ್ದೀವಿ ಅಲ್ವಾ ಅಪ್ಪ, ಅಂದ್ರೆ ಉತ್ತರ 1/3ಕ್ಕಿಂತ ದೊಡ್ಡದಿರಬೇಕು. 2/7 ಅದಕ್ಕಿಂತ ಚಿಕ್ಕದು. ಹಂಗಾದ್ರೆ ಅದು ಉತ್ತರ ಆಗೋಕೇ ಸಾಧ್ಯ ಇಲ್ಲ" ಅಂದಳು. 2/7 ಚಿಕ್ಕದು ಅಂತ ಹೇಗೆ ಗೊತ್ತು ಅಂದೆ. "2/6 ಅಂದ್ರೆ 1/3. ಏಳು ಭಾಗ ಮಾಡಿದ್ರೆ ತುಂಡು ಇನ್ನೂ ಚಿಕ್ಕದಾಗುತ್ತಲ್ಲ." ನಾನು ಬಾಯಿ ಮುಚ್ಚಿಕೊಂಡು ಕೂತೆ. 92 ಬಂದದ್ದು ಇಲ್ಲಿಂದ. ರಕ್ತದಿಂದಲೂ ಅಲ್ಲ, ಗಂಟೆಗಳಿಂದಲೂ ಅಲ್ಲ.

ಆಮೇಲೆ ಇಬ್ಬರೂ 61ರ ಕಾಗದವನ್ನು ಬಿಡಿಸಿ ನೋಡಿದೆವು. ಅದು ದಶಮಾಂಶದ ಟೆಸ್ಟ್. 0.5 + 0.25 ಲೆಕ್ಕಕ್ಕೆ 0.30 ಅಂತ ಬರೆದಿದ್ದಳು. ಚುಕ್ಕಿ ಮರೆತು 5ಕ್ಕೆ 25 ಕೂಡಿ 30 ಮಾಡಿದ್ದು. ಅದೇ ಥರದ್ದು ಇನ್ನೂ ಐದಾರು. ನನಗೆ ಅದನ್ನು ನೋಡುತ್ತಿದ್ದಂತೆ ಮೈ ಜುಮ್ಮೆಂದಿತು. 0.30 ಅನ್ನುವುದು 0.5ಕ್ಕಿಂತ ಚಿಕ್ಕದು! ಭಿನ್ನರಾಶಿಯಲ್ಲಿ ಅವಳೇ ಕಂಡುಕೊಂಡ ಉಪಾಯ ಇಲ್ಲೂ ಹಾಗೇ ನಡೆಯುತ್ತಿತ್ತು. ಚಿಕ್ಕದಾಯ್ತಾ ಅಂತ ಒಂದು ಸಲ ನೋಡಿಕೊಂಡಿದ್ದರೆ ಆ ಲೆಕ್ಕಗಳಲ್ಲಿ ಬಹುಪಾಲು ಅವಳ ಕಣ್ಣಿಗೇ ಸಿಕ್ಕಿಬೀಳುತ್ತಿದ್ದವು. "ಇಲ್ಲಿ ಯಾಕೆ ನೋಡ್ಲಿಲ್ಲ ಪುಟ್ಟಿ?" ಅಂದೆ. "ಅದು ಭಿನ್ನರಾಶಿಗೆ ಅಂದ್ಕೊಂಡಿದ್ದೆ" ಅಂದಳು.

ಆ ಉತ್ತರದ ಮುಂದೆ ನನ್ನ ಹಳೆಯ ಮೆಸೇಜನ್ನು ಇಟ್ಟು ನೋಡಿದೆ. ಶ್ರಮವನ್ನು ಹೊಗಳಬೇಕು ಅನ್ನುವುದನ್ನು ನಾನು ಅಲ್ಲಿಯವರೆಗೆ ಒಂದು ಥರ ಮನಸ್ಸು ನೋಯಿಸದ ಮಾತು ಅಂತ ತಿಳಿದಿದ್ದೆ. ಅದು ಮಾಹಿತಿಯೂ ಹೌದು ಅಂತ ಆಗಲೇ ಹೊಳೆದದ್ದು. ಅಂದು ನಾನು "ಉತ್ತರ ಸರಿ ಇರೋಕೆ ಸಾಧ್ಯವಾ ಅಂತ ನೋಡ್ಕೊಂಡೆಯಲ್ಲ, ಅದರಿಂದ ಬಂತು" ಅಂದಿದ್ದರೆ, ತನ್ನ ಗೆಲುವಿಗೆ ಏನು ಕಾರಣ ಅಂತ ಅವಳಿಗೆ ಹೆಸರಿಟ್ಟು ಹೇಳಿದ ಹಾಗಾಗುತ್ತಿತ್ತು. ದಶಮಾಂಶಕ್ಕೂ ಅದನ್ನು ಎತ್ತಿಕೊಂಡು ಹೋಗುತ್ತಿದ್ದಳೋ ಏನೋ, ಗ್ಯಾರಂಟಿ ಇಲ್ಲ. ಆದರೆ ಜೀನಿಯಸ್ ಅನ್ನುವ ಪದವನ್ನು ಹಿಡಿದುಕೊಂಡು ದಶಮಾಂಶದ ಲೆಕ್ಕಕ್ಕೆ ಏನು ಮಾಡಲು ಬರುತ್ತದೆ? ಏನೂ ಇಲ್ಲ.

ಖುಷಿ ಎಲ್ಲಿ ಹೋಯ್ತು?

ಇಷ್ಟೆಲ್ಲ ಗೊತ್ತಾದ ಮೇಲೆ ನಾನು ಮೂರನೇ ಸಲ ಬರೆದೆ. ಈ ಸಲ ಎಲ್ಲವನ್ನೂ ತುಂಬಿದೆ. ತಪ್ಪುಗಳ ನೋಟ್‌ಬುಕ್, ಮೂರು ದಿನದ ಅಂತರ, ನಕಲು ಬಿಟ್ಟದ್ದು, ಉತ್ತರ ಪರೀಕ್ಷಿಸುವ ಉಪಾಯ, ಅದನ್ನು ಬೇರೆ ಪಾಠಕ್ಕೂ ಬಳಸಬಹುದು ಅನ್ನುವ ಸಲಹೆ. ಮೂರು ಪ್ಯಾರಾ ಆಯಿತು. ಹೆಂಡತಿಗೆ ತೋರಿಸಿದೆ. ಕೊನೆಯವರೆಗೂ ಓದಿ, "ಚೆನ್ನಾಗಿದೆ. ಆದ್ರೆ ಇದರಲ್ಲಿ ಖುಷಿ ಎಲ್ಲಿ?" ಅಂದಳು. ಹೌದು. ಅದು ಆಫೀಸಿನಲ್ಲಿ ವರ್ಷಕ್ಕೊಮ್ಮೆ ಕೊಡುವ ಕೆಲಸದ ವರದಿಯ ಹಾಗಿತ್ತು. 92 ಅನ್ನುವ ಸಂಖ್ಯೆಯನ್ನೇ ನಾನು ತೆಗೆದು ಹಾಕಿದ್ದೆ, ಅದನ್ನು ಹೇಳುವುದೇ ತಪ್ಪು ಅನ್ನುವ ಹಾಗೆ.

ಫಲಿತಾಂಶವನ್ನು ಮುಚ್ಚಿಡುವುದೂ ಒಂದು ಥರದ ಸುಳ್ಳೇ. ಮಗು 92 ಅಂತ ಕುಣಿಯುತ್ತಿರುವಾಗ ಅಪ್ಪ ಅದನ್ನು ನೋಡದವನ ಹಾಗೆ ನಿನ್ನ ವಿಧಾನ ಮೆಚ್ಚುವಂಥದ್ದು ಅಂದರೆ ಯಾವ ಮಗುವಿಗಾದರೂ ಪಿಚ್ಚೆನ್ನಿಸುತ್ತದೆ. ಅಂಕದ ಖುಷಿ ಖುಷಿಯೇ, ಅದು ಮೊದಲು ಬರಲಿ. ಅದರ ಜೊತೆಗೆ ಮಾಡಿದ ಒಂದು ಕೆಲಸ, ಹೆಚ್ಚೆಂದರೆ ಎರಡು. ಅಷ್ಟು ಸಾಕು. ಸಲಹೆ ಬೇಡವೇ ಬೇಡ. ಹೊಗಳಿಕೆಯ ಬಾಲಕ್ಕೆ ಸಲಹೆ ಕಟ್ಟಿದರೆ ಮಗುವಿಗೆ ಕೊನೆಗೆ ಉಳಿಯುವುದು ಸಲಹೆ ಮಾತ್ರ. "ಮುಂದಿನ ಸಲ 100" ಕೂಡ ಅಂಥದ್ದೇ. ಕೊಟ್ಟ ಕೈಯಲ್ಲೇ ವಾಪಸ್ ಕೇಳಿದ ಹಾಗೆ. "ನನಗೆ ಮೊದಲೇ ಗೊತ್ತಿತ್ತು" ಅನ್ನುವುದನ್ನೂ ತೆಗೆದೆ. ನಿಜ ಹೇಳಬೇಕೆಂದರೆ ನನಗೆ ಗೊತ್ತಿರಲಿಲ್ಲ. 58 ಬಂದಾಗ ಟ್ಯೂಷನ್‌ಗೆ ಹಾಕೋಣವಾ ಅಂತ ಯೋಚಿಸಿದ್ದವನು ನಾನೇ. "ನನ್ನ ಮಗಳು ಅಲ್ವಾ" ಅನ್ನುವುದನ್ನು ಅಳಿಸಲು ಮಾತ್ರ ಸ್ವಲ್ಪ ಹೊತ್ತು ಬೇಕಾಯಿತು. ಅದು ಪ್ರೀತಿಯ ಮಾತು. ಆದರೆ ಅಲ್ಲಿ ಅದು ಅವಳ ಅಂಕದ ಮೇಲೆ ನನ್ನ ಹೆಸರು ಬರೆದುಕೊಳ್ಳುವ ಹಾಗಿತ್ತು. ಮಗಳು ಅನ್ನುವ ಪ್ರೀತಿ 61 ಬಂದ ದಿನ ಹೇಳಿದರೆ ಹೆಚ್ಚು ಕೆಲಸಕ್ಕೆ ಬರುತ್ತದೆ.

ನನ್ನ ಅಣ್ಣನ ಮಗ ಆ ದಿನ ಮನೆಗೆ ಬಂದಿದ್ದ. ಹದಿನಾರು ವರ್ಷದವನು. ನನ್ನ ಸರ್ಕಸ್ ನೋಡಿ, "ಚಿಕ್ಕಪ್ಪ, ನನಗ್ಯಾರಾದ್ರೂ ಶ್ರಮಪಟ್ಟೆ ಅಂದ್ರೆ ನೀನು ದಡ್ಡ, ಆದ್ರೂ ಪರವಾಗಿಲ್ಲ ಅಂದ ಹಾಗೆ ಕೇಳುತ್ತೆ" ಅಂದ. ತಮಾಷೆಗೆ ಅಂದದ್ದಲ್ಲ. ಹದಿಹರೆಯದವರ ವಿಷಯದಲ್ಲಿ ಸಂಶೋಧಕರೂ ಇದನ್ನೇ ಹೇಳಿದ್ದಾರೆ. ಚಿಕ್ಕ ಮಕ್ಕಳಿಗೆ ಶ್ರಮ ಮತ್ತು ಜಾಣತನ ಎರಡೂ ಒಟ್ಟಿಗೇ ಇರುವಂಥವು. ಜಾಸ್ತಿ ಶ್ರಮ ಅಂದರೆ ಜಾಸ್ತಿ ಜಾಣ. ದೊಡ್ಡವರಾಗುತ್ತಾ ಅದು ತಕ್ಕಡಿಯ ಹಾಗಾಗುತ್ತದೆ. ಒಂದು ಕಡೆ ಏರಿದರೆ ಇನ್ನೊಂದು ಇಳಿದ ಹಾಗೆ ಕಾಣುತ್ತದೆ. ಅದರಲ್ಲೂ ಸುಲಭದ ಕೆಲಸಕ್ಕೆ ಹೊಗಳಿದರೆ, ಇವನಿಂದ ಇಷ್ಟೇ ಆಗುವುದು ಅಂದುಕೊಂಡಿದ್ದಾರೆ ಅಂತ ಹುಡುಗರು ತಿಳಿಯುತ್ತಾರೆ. ಮತ್ತೆ ನಿನಗೆ ಏನು ಹೇಳಬೇಕಪ್ಪ ಅಂತ ಕೇಳಿದೆ. ಅವನು ಭುಜ ಕುಣಿಸಿ, "ಹೋದ ಸಲ ನನ್ನ ಪ್ರಾಜೆಕ್ಟ್ ನೋಡಿ ಆ ಎರಡನೇ ಗ್ರಾಫ್ ಯಾಕೆ ಹಾಕಿದೆ ಅಂತ ಕೇಳಿದ್ರಲ್ಲ, ಅದು ಚೆನ್ನಾಗಿತ್ತು" ಅಂದ. ನಾನು ಅದನ್ನು ಹೊಗಳಿಕೆ ಅಂತ ಕೇಳಿದ್ದೇ ಅಲ್ಲ. ನನಗೆ ಆ ಗ್ರಾಫ್ ಅರ್ಥವಾಗಿರಲಿಲ್ಲ, ಅದಕ್ಕೆ ಕೇಳಿದ್ದು. ಅವನ ಮಾತಿನಿಂದಲೇ ನನ್ನ ಮೆಸೇಜಿನ ಕೊನೆಗೆ ಒಂದು ಪ್ರಶ್ನೆ ಬಂತು.

ಸಂಜೆ ವಾಪಸ್ ಹೊರಟಾಗ ಬಸ್ಸಿನಲ್ಲಿ ಕೂತು ನಾಲ್ಕನೇ ಸಲ ಬರೆದೆ:

"ಪುಟ್ಟಿ, ಮೂರು ತಿಂಗಳ ಹಿಂದಿನ ಮೆಸೇಜನ್ನ ಈಗ ಸರಿಯಾಗಿ ಬರೀತಿದ್ದೀನಿ. ಆ 92 ನೋಡಿ ನಾನು ಕುರ್ಚಿಯಿಂದ ಎದ್ದೇಬಿಟ್ಟಿದ್ದೆ, ಅಷ್ಟು ಖುಷಿಯಾಗಿತ್ತು! ತಪ್ಪಾದ ಲೆಕ್ಕಗಳನ್ನ ಬೇರೆ ಬರೆದಿಟ್ಟು, ಮೂರು ದಿನ ಬಿಟ್ಟು ನೋಡದೇ ಮತ್ತೆ ಮಾಡ್ತಿದ್ದೆಯಲ್ಲ, ಅದರಿಂದ ಬಂದಿದ್ದು ಅದು. 'ಚಿಕ್ಕದಾಯ್ತಾ? ನೋಡು' ಅನ್ನೋದು ನನಗೆ ತುಂಬಾ ಇಷ್ಟ ಆಯ್ತು. ಅದು ನಿನಗೆ ಹೊಳೆದದ್ದು ಯಾವ ಲೆಕ್ಕ ಮಾಡುವಾಗ?"

ಕಳಿಸುವ ಮುಂಚೆ ಒಂದು ಸಲ ಪರೀಕ್ಷೆ ಮಾಡಿದೆ. ಇದೇ ಮೆಸೇಜನ್ನು ಒಂದಕ್ಷರ ಬದಲಿಸದೆ ಇನ್ನೊಂದು ಮಗುವಿಗೆ ಕಳಿಸಬಹುದಾ? ಮೊದಲನೆಯದನ್ನು ಕಳಿಸಬಹುದಿತ್ತು. ಗೋಡೆಬರಹದಂಥ ಎರಡನೆಯದನ್ನಂತೂ ಇಡೀ ಶಾಲೆಗೆ ಕಳಿಸಬಹುದಿತ್ತು. ಇದನ್ನು ಆಗುವುದಿಲ್ಲ. ಆಮೇಲೆ ಇನ್ನೊಂದು. ಈ ಮೆಸೇಜ್ ಫೋನಿನಲ್ಲಿ ಇದ್ದು, ಮುಂದೆ ಎಂದೋ 61 ಬಂದ ದಿನ ಅವಳು ಇದನ್ನು ಮತ್ತೆ ಓದಿದರೆ? ಇದರಲ್ಲಿ ಸುಳ್ಳಾಗುವ ಮಾತು ಯಾವುದೂ ಕಾಣಲಿಲ್ಲ. ಆ ನೋಟ್‌ಬುಕ್ ಆಗಲೂ ಇರುತ್ತದೆ. ಕಳಿಸಿದೆ.

ಅರ್ಧ ಗಂಟೆ ಉತ್ತರವಿಲ್ಲ. ಹೃದಯವೂ ಇಲ್ಲ. ಏನೋ ಎಡವಟ್ಟಾಯಿತು ಅಂದುಕೊಂಡು ಕಿಟಕಿಯ ಹೊರಗೆ ನೋಡುತ್ತಿದ್ದೆ. ಆಮೇಲೆ ಒಂದರ ಹಿಂದೆ ಒಂದು ಮೂರು ಬಂದವು.

"ಮೂರು ದಿನ ಮಾತ್ರ ಅಲ್ಲ ಅಪ್ಪ. ಮೊದ್ಲು ಮೂರು, ಸರಿ ಬಂದ್ರೆ ಆಮೇಲೆ ಏಳು ದಿನ."

"ಹೊಳೆದಿದ್ದು 1/2 + 1/2 ಮಾಡುವಾಗ. 2/4 ಬಂತು. ಅದು ಮತ್ತೆ 1/2 ನೇ ಅಲ್ವಾ. ನಗು ಬಂತು."

"ದಶಮಾಂಶದ್ದು ಏಳು ಲೆಕ್ಕ ಬರೆದಿಟ್ಟಿದ್ದೀನಿ. ಬುಧವಾರ ಮಾಡ್ತೀನಿ."

ಏಳು ದಿನದ್ದನ್ನೂ ಸೇರಿಸಿ, ತಿದ್ದಿ, ಇನ್ನೊಮ್ಮೆ ಕಳಿಸಿದೆ.